ಒಂದು ವೋಲ್ಟೇಜಿನ ಲೆಕ್ಕ: ಮಾಸ್ ಕೆಪಾಸಿಟರಿನಿಂದ ಮಾಸ್‌ಫೆಟ್‌ವರೆಗೆ



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಒಂದೇ ಒಂದು ಸಂಖ್ಯೆಯನ್ನು. ಎನ್‌ಹ್ಯಾನ್ಸ್‌ಮೆಂಟ್ ಬಗೆಯ ಮಾಸ್‌ಫೆಟ್‌ನ ಗೇಟಿಗೆ ವೋಲ್ಟೇಜ್ ಕೊಡದಿದ್ದಾಗ ಸೋರ್ಸ್‌ನಿಂದ ಡ್ರೈನ್‌ಗೆ ದಾರಿ ಇರುವುದಿಲ್ಲ. ಗೇಟಿನ ವೋಲ್ಟೇಜನ್ನು ಏರಿಸುತ್ತ ಹೋದರೆ ಒಂದು ಹಂತದಲ್ಲಿ ದಾರಿ ತೆರೆಯುತ್ತದೆ. ಆ ಹಂತವೇ ಥ್ರೆಶೋಲ್ಡ್ ವೋಲ್ಟೇಜ್. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಅದನ್ನು ಮೊದಲೇ ಕೊಟ್ಟುಬಿಡುತ್ತಾರೆ. 0.7 ವೋಲ್ಟ್ ಎಂದು ಬರೆದುಕೊಂಡು ನಾವು ಮುಂದೆ ಸಾಗುತ್ತೇವೆ. ಆ 0.7 ಎಲ್ಲಿಂದ ಬಂತು, ಅದನ್ನು ಯಾರು ಇಟ್ಟರು, ಇಟ್ಟ ಮೇಲೆ ಅದು ಇಟ್ಟಲ್ಲೇ ನಿಲ್ಲುತ್ತದೆಯೇ ಎಂಬುದು ಇಂದಿನ ವಿಷಯ.

ಮೊದಲು ಮಾಸ್ ಕೆಪಾಸಿಟರನ್ನು ನೋಡೋಣ, ಏಕೆಂದರೆ ಥ್ರೆಶೋಲ್ಡ್ ಹುಟ್ಟುವುದು ಅಲ್ಲಿ. ಆಮೇಲೆ ಒಂದು ನಿರ್ದಿಷ್ಟ ರಚನೆಯನ್ನು ಹಿಡಿದು ಆ ವೋಲ್ಟೇಜನ್ನು ಲೆಕ್ಕ ಹಾಕೋಣ. ಮೂರನೆಯದಾಗಿ, 1960ರ ದಶಕದಲ್ಲಿ ಈ ಲೆಕ್ಕವನ್ನೆಲ್ಲ ಸುಳ್ಳಾಗಿಸುತ್ತಿದ್ದ ಒಂದು ಅಶುದ್ಧಿಯ ವಿಷಯ. ಕೊನೆಗೆ ಟ್ರಾನ್ಸಿಸ್ಟರು ಕೆಲಸ ಮಾಡುವ ವಲಯಗಳಿಗೆ ಬರುತ್ತೇನೆ. ಉದ್ದಕ್ಕೂ ಒಂದೇ ಉದಾಹರಣೆಯನ್ನು ಬಳಸುತ್ತೇನೆ, ಹಾಗಾಗಿ ಸಂಖ್ಯೆಗಳು ಕಡಿಮೆ ಇರುತ್ತವೆ.

ನಮ್ಮ ಉದಾಹರಣೆ ಇದು. ಬೋರಾನ್ ಬೆರೆಸಿದ ಪಿ-ಬಗೆಯ ಸಿಲಿಕಾನ್ ವೇಫರ್. ಒಂದು ಘನ ಸೆಂಟಿಮೀಟರಿಗೆ 10¹⁶ ಬೋರಾನ್ ಪರಮಾಣುಗಳು, ಅಂದರೆ ಸುಮಾರು ಐವತ್ತು ಲಕ್ಷ ಸಿಲಿಕಾನ್ ಪರಮಾಣುಗಳಿಗೆ ಒಂದು. ಅದರ ಮೇಲೆ ಕುಲುಮೆಯಲ್ಲಿ ಬೆಳೆಸಿದ 20 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಡೈಆಕ್ಸೈಡ್ ಪದರ. ಅದರ ಮೇಲೆ, ಗೇಟ್ ಆಗಿ, ರಂಜಕವನ್ನು ದಟ್ಟವಾಗಿ ಬೆರೆಸಿದ ಎನ್-ಬಗೆಯ ಪಾಲಿಸಿಲಿಕಾನ್. ಈ ಗೇಟನ್ನು ಒಂದು ಮಿಲಿಮೀಟರ್ ವ್ಯಾಸದ ಚುಕ್ಕೆಯಾಗಿ ಕತ್ತರಿಸಿ, ವೇಫರಿನ ಹಿಂಬದಿಗೆ ಇನ್ನೊಂದು ತಂತಿ ಸೇರಿಸಿದರೆ ಮಾಸ್ ಕೆಪಾಸಿಟರ್ ಸಿದ್ಧ. ಸೋರ್ಸ್ ಇಲ್ಲ, ಡ್ರೈನ್ ಇಲ್ಲ. ಅಳೆಯಬೇಕಾದದ್ದು ಕೆಪಾಸಿಟೆನ್ಸ್ ಒಂದನ್ನೇ.

ಗೇಟಿಗೆ ಋಣ ವೋಲ್ಟೇಜ್ ಕೊಡಿ. ಸಿಲಿಕಾನಿನೊಳಗೆ ಧಾರಾಳವಾಗಿರುವ ಹೋಲ್‌ಗಳು ಮೇಲ್ಮೈಗೆ ಬಂದು ಆಕ್ಸೈಡಿನ ಕೆಳಗೆ ಒತ್ತೊತ್ತಾಗಿ ಸೇರುತ್ತವೆ. ಇದು ಅಕ್ಯುಮುಲೇಷನ್ ಸ್ಥಿತಿ. ಈಗ ಎರಡು ಫಲಕಗಳ ನಡುವೆ ಇರುವುದು 20 ನ್ಯಾನೋಮೀಟರ್ ಆಕ್ಸೈಡ್ ಮಾತ್ರ. ನಮ್ಮ ಚುಕ್ಕೆಯ ಕೆಪಾಸಿಟೆನ್ಸ್ ಸುಮಾರು 1360 ಪಿಕೋಫ್ಯಾರಡ್ ಎಂದು ಮೀಟರ್ ತೋರಿಸುತ್ತದೆ. ಈ ಒಂದು ಓದಿನಿಂದಲೇ ಆಕ್ಸೈಡಿನ ದಪ್ಪವನ್ನು ತಿಳಿಯಬಹುದು.

ವೋಲ್ಟೇಜನ್ನು ಧನದ ಕಡೆಗೆ ನಿಧಾನವಾಗಿ ಸರಿಸಿ. ಹೋಲ್‌ಗಳು ಮೇಲ್ಮೈಯಿಂದ ಹಿಂದೆ ಸರಿಯುತ್ತವೆ. ಅವು ಬಿಟ್ಟುಹೋದ ಜಾಗದಲ್ಲಿ ಉಳಿಯುವುದು ಕದಲಲಾರದ ಬೋರಾನ್ ಅಯಾನುಗಳು, ಅವುಗಳ ಮೇಲಿನ ಋಣ ವಿದ್ಯುದಂಶ. ಓಡಾಡುವ ಕಣಗಳಿಲ್ಲದ ಈ ಪದರವೇ ಡಿಪ್ಲೀಷನ್ ಪದರ. ಅದು ಆಕ್ಸೈಡಿಗೆ ಸೇರಿಕೊಂಡ ಇನ್ನೊಂದು ನಿರೋಧಕ ಪದರದಂತೆ ವರ್ತಿಸುವುದರಿಂದ ಕೆಪಾಸಿಟೆನ್ಸ್ ಇಳಿಯತೊಡಗುತ್ತದೆ. ವೋಲ್ಟೇಜ್ ಏರಿದಷ್ಟೂ ಪದರ ದಪ್ಪವಾಗುತ್ತದೆ, ಕೆಪಾಸಿಟೆನ್ಸ್ ಮತ್ತಷ್ಟು ಇಳಿಯುತ್ತದೆ.

ಆದರೆ ಇದು ಹೀಗೆಯೇ ಮುಂದುವರಿಯುವುದಿಲ್ಲ. ನಮ್ಮ ವೇಫರಿನಲ್ಲಿ ಡಿಪ್ಲೀಷನ್ ಪದರ ಸುಮಾರು 0.3 ಮೈಕ್ರೋಮೀಟರಿಗೆ ಬಂದಾಗ ನಿಂತುಬಿಡುತ್ತದೆ. ಆ ಹೊತ್ತಿಗೆ ಮೇಲ್ಮೈಯ ವಿಭವ ಸುಮಾರು 0.72 ವೋಲ್ಟ್‌ನಷ್ಟು ಏರಿರುತ್ತದೆ. ಒಳಗೆ ಹೋಲ್‌ಗಳು ಎಷ್ಟು ದಟ್ಟವಾಗಿವೆಯೋ, ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳು ಈಗ ಅಷ್ಟೇ ದಟ್ಟವಾಗಿ ನೆರೆದಿವೆ. ಪಿ-ಬಗೆಯ ಸಿಲಿಕಾನಿನ ಮೇಲ್ಮೈ ಎನ್-ಬಗೆಯಾಗಿ ತಿರುಗಿದೆ, ಅಂದರೆ ಇನ್ವರ್ಷನ್ ಆಗಿದೆ. ಇಲ್ಲಿಂದ ಮುಂದೆ ಗೇಟಿಗೆ ಸೇರಿಸಿದ ಪ್ರತಿ ಧನ ವಿದ್ಯುದಂಶಕ್ಕೂ ಉತ್ತರ ಕೊಡುವವು ಎಲೆಕ್ಟ್ರಾನುಗಳೇ. ಬೋರಾನ್ ಅಯಾನುಗಳನ್ನು ಇನ್ನಷ್ಟು ಆಳದವರೆಗೆ ಬಯಲು ಮಾಡುವ ಅಗತ್ಯ ಉಳಿಯುವುದಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕೆಪಾಸಿಟರಿಗೂ ಟ್ರಾನ್ಸಿಸ್ಟರಿಗೂ ಇರುವ ನಿಜವಾದ ವ್ಯತ್ಯಾಸ ಕಾಣಿಸುವುದು ಇದೇ ಜಾಗದಲ್ಲಿ. ಪಿ-ಬಗೆಯ ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳು ಅತಿ ವಿರಳ. ಮೇಲ್ಮೈಯ ಪದರವನ್ನು ತುಂಬಲು ಅವು ಎಲ್ಲಿಂದ ಬರಬೇಕು? ಕೆಪಾಸಿಟರಿನಲ್ಲಿ ಉಷ್ಣದಿಂದ ಒಂದೊಂದಾಗಿ ಹುಟ್ಟಿ ಬರಬೇಕು. ಒಳ್ಳೆಯ ವೇಫರಿನಲ್ಲಿ ಇದಕ್ಕೆ ಹಲವು ಸೆಕೆಂಡು, ಕೆಲವೊಮ್ಮೆ ನಿಮಿಷಗಳೇ ಹಿಡಿಯುತ್ತವೆ. ಅಳತೆಯ ಸಂಕೇತ ಸೆಕೆಂಡಿಗೆ ಹತ್ತು ಲಕ್ಷ ಬಾರಿ, ಅಂದರೆ 1 ಮೆಗಾಹರ್ಟ್ಸ್ ವೇಗದಲ್ಲಿ ಏರಿಳಿಯುತ್ತಿದ್ದರೆ ಎಲೆಕ್ಟ್ರಾನುಗಳ ಸಂಖ್ಯೆ ಅದರ ಜೊತೆ ಹೆಜ್ಜೆ ಹಾಕಲಾರದು. ಕೆಪಾಸಿಟೆನ್ಸ್ 220 ಪಿಕೋಫ್ಯಾರಡ್ ಹತ್ತಿರ ಇಳಿದು ಅಲ್ಲೇ ಚಪ್ಪಟೆಯಾಗಿ ಉಳಿಯುತ್ತದೆ. ಅತಿ ನಿಧಾನವಾಗಿ ಅಳೆದರೆ ಮಾತ್ರ ರೇಖೆ ಮತ್ತೆ ಮೇಲೆದ್ದು ಮೊದಲಿನ 1360ರ ಹತ್ತಿರಕ್ಕೆ ಬರುತ್ತದೆ. ಟ್ರಾನ್ಸಿಸ್ಟರಿಗೆ ಈ ಕಾಯುವಿಕೆ ಇಲ್ಲ. ಗೇಟಿನ ಎರಡೂ ಅಂಚಿಗೆ ಎನ್-ಬಗೆಯ ಸೋರ್ಸ್ ಮತ್ತು ಡ್ರೈನ್ ಇವೆ, ಅವುಗಳಲ್ಲಿ ಎಲೆಕ್ಟ್ರಾನುಗಳು ತುಂಬಿವೆ. ಬೇಕೆಂದ ಕೂಡಲೇ ಪಕ್ಕದಿಂದ ಹರಿದುಬರುತ್ತವೆ. ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಮೇಲೇಳದ ರೇಖೆಯನ್ನು ಕಂಡು ಚುಕ್ಕೆ ಕೆಟ್ಟಿದೆ ಎಂದು ಗಾಬರಿಯಾಗುವುದುಂಟು. ಅದು ಕೆಟ್ಟಿಲ್ಲ. ಎಲೆಕ್ಟ್ರಾನುಗಳಿಗೆ ಬರಲು ಬಾಗಿಲಿಲ್ಲ, ಅಷ್ಟೇ.

ಈಗ ಎರಡನೆಯ ಭಾಗಕ್ಕೆ, ಲೆಕ್ಕಕ್ಕೆ ಬರೋಣ. ಸೂತ್ರ ಚಿಕ್ಕದು:

VT = VFB + 2φF + Qd/Cox

ಬಲಗಡೆಯಿಂದ ಓದುತ್ತ ಬರುತ್ತೇನೆ. ಕೊನೆಯ ಪದ, ಡಿಪ್ಲೀಷನ್ ಪದರದಲ್ಲಿ ಬಯಲಾದ ಬೋರಾನ್ ಅಯಾನುಗಳ ವಿದ್ಯುದಂಶವನ್ನು ಸರಿದೂಗಿಸಲು ಆಕ್ಸೈಡಿಗೆ ಅಡ್ಡಲಾಗಿ ಬೇಕಾಗುವ ವೋಲ್ಟೇಜ್. ನಮ್ಮ ರಚನೆಯಲ್ಲಿ ಅದು 0.28 ವೋಲ್ಟ್. ನಡುವಿನ ಪದ, ಮೇಲ್ಮೈಯನ್ನು ತಿರುಗಿಸಲು ಸಿಲಿಕಾನಿನೊಳಗೆ ಖರ್ಚಾಗುವ 0.72 ವೋಲ್ಟ್. ಇವೆರಡನ್ನು ಕೂಡಿದರೆ ಸರಿಯಾಗಿ 1 ವೋಲ್ಟ್ ಬರುತ್ತದೆ. ಲೆಕ್ಕ ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ಉಳಿದದ್ದು ಮೊದಲ ಪದ, ಫ್ಲ್ಯಾಟ್‌ಬ್ಯಾಂಡ್ ವೋಲ್ಟೇಜ್. ಗೇಟ್ ಮತ್ತು ವೇಫರ್ ಬೇರೆ ಬೇರೆ ವಸ್ತುಗಳಾದ್ದರಿಂದ, ಹೊರಗಿನ ವೋಲ್ಟೇಜ್ ಇಲ್ಲದಿದ್ದರೂ ಅವುಗಳ ನಡುವೆ ಒಂದು ಸೆಳೆತ ಇದ್ದೇ ಇರುತ್ತದೆ. ಎನ್-ಬಗೆಯ ಪಾಲಿಸಿಲಿಕಾನ್ ಗೇಟು ಪಿ-ಬಗೆಯ ವೇಫರಿನ ಮೇಲೆ ಕುಳಿತಾಗ, ಗೇಟಿಗೆ ಸುಮಾರು 0.92 ವೋಲ್ಟ್ ಧನ ಕೊಟ್ಟಂತೆಯೇ ಆಗಿಬಿಟ್ಟಿರುತ್ತದೆ. ಸಿಲಿಕಾನನ್ನು ಸಮಸ್ಥಿತಿಗೆ ತರಬೇಕಾದರೆ ನಾವು ಹೊರಗಿನಿಂದ ಋಣ 0.92 ವೋಲ್ಟ್ ಕೊಡಬೇಕು. ಆದ್ದರಿಂದ VFB ನಮ್ಮ ಲೆಕ್ಕದಲ್ಲಿ −0.92. ಮೂರನ್ನೂ ಕೂಡಿದರೆ:

VT = −0.92 + 0.72 + 0.28 = 0.08 V

0.7 ನಿರೀಕ್ಷಿಸಿದ್ದ ನಮಗೆ ದಕ್ಕಿದ್ದು 0.08. ಇದು ಎನ್‌ಹ್ಯಾನ್ಸ್‌ಮೆಂಟ್ ಟ್ರಾನ್ಸಿಸ್ಟರು ಹೌದು, ಆದರೆ ಹೆಸರಿಗೆ ಮಾತ್ರ. ಗೇಟು ಸೊನ್ನೆಯಲ್ಲಿದ್ದಾಗಲೂ ಅದು ಅರೆಬರೆ ತೆರೆದೇ ಇರುತ್ತದೆ. ಪ್ರಕೃತಿ ಕೊಟ್ಟ ವಸ್ತುಗಳನ್ನು ಹಾಗೇ ಜೋಡಿಸಿದರೆ ಬೇಕಾದ ಥ್ರೆಶೋಲ್ಡ್ ಸಿಗುವುದಿಲ್ಲ. ಅದನ್ನು ಇಡಬೇಕಾಗುತ್ತದೆ.

ಇಡುವ ಕ್ರಮ ಸರಳವಾದದ್ದು. ಗೇಟ್ ಹಾಕುವ ಮೊದಲು ಬೋರಾನ್ ಅಯಾನುಗಳನ್ನು ವೇಗವಾಗಿ ಹಾಯಿಸಿ ಸಿಲಿಕಾನಿನ ಮೇಲ್ಮೈಯಲ್ಲೇ ನೆಡುತ್ತಾರೆ. ಹೆಚ್ಚುವರಿ ಬೋರಾನ್ ಎಂದರೆ ಹೆಚ್ಚುವರಿ ಋಣ ವಿದ್ಯುದಂಶ, ಅದನ್ನು ಸರಿದೂಗಿಸಲು ಗೇಟಿಗೆ ಹೆಚ್ಚುವರಿ ಧನ ವೋಲ್ಟೇಜ್ ಬೇಕು. ನಮಗೆ 0.62 ವೋಲ್ಟ್ ಕೊರತೆಯಿದೆ. ಅದನ್ನು ಆಕ್ಸೈಡಿನ ಕೆಪಾಸಿಟೆನ್ಸಿನಿಂದ ಗುಣಿಸಿ, ಒಂದು ಎಲೆಕ್ಟ್ರಾನಿನ ವಿದ್ಯುದಂಶದಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ 6.7 × 10¹¹ ಅಯಾನುಗಳು ಬೇಕೆಂದು ಉತ್ತರ ಬರುತ್ತದೆ. ನಮ್ಮ ಎಣಿಕೆಯಲ್ಲಿ 67 ಸಾವಿರ ಕೋಟಿ. ದೊಡ್ಡದಾಗಿ ಕೇಳುತ್ತದೆ. ಆದರೆ ಅಷ್ಟೇ ಜಾಗದ ಸಿಲಿಕಾನ್ ಮೇಲ್ಮೈಯಲ್ಲಿ ಸುಮಾರು 6.8 × 10¹⁴ ಪರಮಾಣುಗಳಿರುತ್ತವೆ. ಅಂದರೆ ಮೇಲ್ಮೈಯ ಸಾವಿರ ಪರಮಾಣುಗಳಿಗೆ ಒಂದು ಅಯಾನು. 0.08ನ್ನು 0.7 ಮಾಡಲು ಬೇಕಾದದ್ದು ಅಷ್ಟೇ. ಈ ಅನುಪಾತವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದಿನ ಭಾಗ ನಿಂತಿರುವುದು ಅದರ ಮೇಲೆ.

ಇನ್ನು ಮೂರನೆಯ ವಿಷಯ. ವಿದ್ಯುತ್ ಕ್ಷೇತ್ರದಿಂದ ಅರೆವಾಹಕದ ಪ್ರವಾಹವನ್ನು ಹತೋಟಿಗೆ ತರುವ ಆಲೋಚನೆಗೆ ಜೂಲಿಯಸ್ ಲಿಲಿಯನ್‌ಫೆಲ್ಡ್ 1920ರ ದಶಕದಲ್ಲೇ ಪೇಟೆಂಟ್ ಕೇಳಿದ್ದರು. ಬೆಲ್ ಪ್ರಯೋಗಾಲಯದಲ್ಲಿ ಎರಡನೆಯ ಮಹಾಯುದ್ಧದ ನಂತರ ಇದೇ ಪ್ರಯತ್ನ ನಡೆದಾಗ ಕ್ಷೇತ್ರ ಒಳಗೆ ಹೋಗದೆ ಮೇಲ್ಮೈಯಲ್ಲೇ ತಡೆದುಹೋಗುತ್ತಿತ್ತು. ಮೇಲ್ಮೈಯ ಅಪೂರ್ಣ ಬಂಧಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಬೀಳುತ್ತಿವೆ ಎಂದು ಜಾನ್ ಬಾರ್ಡೀನ್ ವಿವರಿಸಿದರು. ಕುಲುಮೆಯಲ್ಲಿ ಬೆಳೆಸಿದ ಆಕ್ಸೈಡ್ ಆ ಬಂಧಗಳಲ್ಲಿ ಬಹುಪಾಲನ್ನು ಮುಚ್ಚುತ್ತದೆ ಎಂಬುದನ್ನು ಬಳಸಿಕೊಂಡು ಅದೇ ಪ್ರಯೋಗಾಲಯದ ಮೊಹಮ್ಮದ್ ಅಟಲ್ಲ ಮತ್ತು ಡಾವೊನ್ ಕಾಂಗ್ 1960ರಲ್ಲಿ ಕೆಲಸ ಮಾಡುವ ಮಾಸ್ ಟ್ರಾನ್ಸಿಸ್ಟರನ್ನು ತೋರಿಸಿದರು. ಇಷ್ಟು ಹೊತ್ತಿಗೆ ದಾರಿ ಸುಗಮವಾಗಬೇಕಿತ್ತು. ಆಗಲಿಲ್ಲ. ತಯಾರಾದ ಟ್ರಾನ್ಸಿಸ್ಟರುಗಳ ಥ್ರೆಶೋಲ್ಡ್ ಬಳಸುತ್ತ ಬಳಸುತ್ತ ಸರಿದುಹೋಗುತ್ತಿತ್ತು.

ಕಾರಣವನ್ನು ಬಿಡಿಸಿಟ್ಟವರಲ್ಲಿ ಫೇರ್‌ಚೈಲ್ಡ್ ಕಂಪನಿಯ ಸ್ನೋ, ಗ್ರೋವ್, ಡೀಲ್ ಮತ್ತು ಸಾ ಮುಖ್ಯರು. ಇವರ ಪ್ರಬಂಧ 1965ರಲ್ಲಿ ಬಂತು. ಈ ಗ್ರೋವ್ ಎಂದರೆ ಮುಂದೆ ಇಂಟೆಲ್ ಕಂಪನಿಯ ಮುಖ್ಯಸ್ಥರಾದ ಆಂಡ್ರ್ಯೂ ಗ್ರೋವ್ ಅವರೇ. ಅಪರಾಧಿ ಸೋಡಿಯಂ. ಅದು ಗಾಜಿನಲ್ಲಿದೆ, ರಾಸಾಯನಿಕಗಳಲ್ಲಿದೆ, ಬೆರಳಿನ ಬೆವರಿನಲ್ಲಿದೆ. ಆಕ್ಸೈಡಿನೊಳಗೆ ಸೇರಿದ ಸೋಡಿಯಂ ಒಂದು ಧನ ಅಯಾನು, ಸಾಲದ್ದಕ್ಕೆ ಚಲಿಸಬಲ್ಲ ಅಯಾನು. ಗೇಟಿನ ಬದಿಗೆ ಇರುವವರೆಗೆ ಅದರಿಂದ ಹೆಚ್ಚು ತೊಂದರೆಯಿಲ್ಲ. ಗೇಟಿಗೆ ಧನ ವೋಲ್ಟೇಜ್ ಬಂದು, ಬಿಸಿಯೂ ಸೇರಿದರೆ ಅದು ಆಕ್ಸೈಡನ್ನು ದಾಟಿ ಸಿಲಿಕಾನಿನ ಅಂಚಿಗೆ ಬಂದು ನಿಲ್ಲುತ್ತದೆ. ಅಲ್ಲಿ ನಿಂತು, ಗೇಟು ಮಾಡಬೇಕಾದ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ಎಲೆಕ್ಟ್ರಾನುಗಳನ್ನು ಸೆಳೆಯುತ್ತದೆ, ಥ್ರೆಶೋಲ್ಡ್ ಕೆಳಗಿಳಿಯುತ್ತದೆ.

ಎಷ್ಟು ಸೋಡಿಯಂ ಸಾಕು? ನಾವು ಜತನದಿಂದ ನೆಟ್ಟ ಬೋರಾನಿನಷ್ಟೇ ಸಾಕು. ಮೇಲ್ಮೈಯ ಸಾವಿರ ಸಿಲಿಕಾನ್ ಪರಮಾಣುಗಳಿಗೆ ಒಂದು ಸೋಡಿಯಂ ಬಂದು ನಿಂತರೆ ನಮ್ಮ 0.7 ವೋಲ್ಟ್ ಮತ್ತೆ 0.08 ಆಗುತ್ತದೆ. ಅಂದಿನ ಆಕ್ಸೈಡುಗಳು ದಪ್ಪ, 100 ನ್ಯಾನೋಮೀಟರ್ ಆಸುಪಾಸು. ಐದು ಪಟ್ಟು ದಪ್ಪದ ಆಕ್ಸೈಡಿನಲ್ಲಿ ಅಷ್ಟೇ ಸೋಡಿಯಂ ತರುವ ಸರಿತವೂ ಐದು ಪಟ್ಟು, ಮೂರು ವೋಲ್ಟಿಗೂ ಮಿಗಿಲು.

ಪತ್ತೆ ಮಾಡುವ ಬಗೆಯನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದಕ್ಕೆ ಬೇಕಾದದ್ದು ನಾವು ಮೊದಲು ನೋಡಿದ ಅದೇ ಚುಕ್ಕೆ. ಕೆಪಾಸಿಟೆನ್ಸ್ ಮತ್ತು ವೋಲ್ಟೇಜಿನ ರೇಖೆಯನ್ನು ಒಮ್ಮೆ ಬರೆದುಕೊಳ್ಳಿ. ವೇಫರನ್ನು 200 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ ಕಾಯಿಸಿ, ಗೇಟಿಗೆ ಸುಮಾರು 2 ವೋಲ್ಟ್ ಧನ ಕೊಟ್ಟು ಕೆಲವು ನಿಮಿಷ ಬಿಡಿ. ವೋಲ್ಟೇಜ್ ತೆಗೆಯದೆ ತಣಿಸಿ. ತೆಗೆದುಬಿಟ್ಟರೆ, ಇನ್ನೂ ಬಿಸಿಯಿರುವ ಆಕ್ಸೈಡಿನಲ್ಲಿ ಅಯಾನುಗಳು ಮತ್ತೆ ಹಿಂದೆ ಸರಿಯಲು ಅವಕಾಶವಾಗುತ್ತದೆ. ಈಗ ರೇಖೆಯನ್ನು ಮತ್ತೆ ಬರೆಯಿರಿ. ಆಕಾರ ಬದಲಾಗದೆ ಇಡೀ ರೇಖೆ ಋಣದ ಕಡೆಗೆ ಸರಿದಿದ್ದರೆ ಸೋಡಿಯಂ ಇದೆ. 0.09 ವೋಲ್ಟ್ ಸರಿತವೆಂದರೆ ಚದರ ಸೆಂಟಿಮೀಟರಿಗೆ ಸುಮಾರು 10¹¹ ಅಯಾನುಗಳು. ಋಣ ವೋಲ್ಟೇಜ್ ಕೊಟ್ಟು ಕಾಯಿಸಿದಾಗ ರೇಖೆ ಮೊದಲಿನ ಜಾಗಕ್ಕೆ ಮರಳಿದರೆ ಅನುಮಾನವೇ ಉಳಿಯುವುದಿಲ್ಲ. ರೇಖೆ ಸರಿಯುವ ಬದಲು ಓರೆಯಾಗಿ ಹಿಗ್ಗಿದ್ದರೆ ಆ ತೊಂದರೆ ಬೇರೆ. ಮುಚ್ಚದೇ ಉಳಿದ ಬಂಧಗಳು ಎಲೆಕ್ಟ್ರಾನುಗಳನ್ನು ಹಿಡಿಯುತ್ತಿವೆ ಎಂದು ಅದರ ಅರ್ಥ. ಸಾವಿರ ಪರಮಾಣುಗಳಲ್ಲಿ ಒಂದನ್ನು ಒಂದು ಮೀಟರ್, ಒಂದು ಬಿಸಿ ಫಲಕದಿಂದ ಗುರುತಿಸುವ ಈ ಪರೀಕ್ಷೆ ನನಗೆ ಇಡೀ ಅರೆವಾಹಕ ವಿಜ್ಞಾನದಲ್ಲೇ ಬಹಳ ಇಷ್ಟವಾದದ್ದು.

ಆಮೇಲೆ ಕುಲುಮೆಯ ಕೊಳವೆಗಳನ್ನು ಶುದ್ಧಗೊಳಿಸಿದರು, ಆಕ್ಸೈಡ್ ಬೆಳೆಸುವಾಗ ಕ್ಲೋರಿನ್ ಸೇರಿಸಿದರು, ಸೋಡಿಯಂ ಹಿಡಿದಿಡುವ ರಂಜಕಯುಕ್ತ ಗಾಜಿನ ಪದರ ಹಾಕಿದರು. ಇದಕ್ಕೆಲ್ಲ ಸಮಯ ಹಿಡಿಯಿತು. ಅಲ್ಲಿಯವರೆಗೆ ಉದ್ಯಮ ಹೆಚ್ಚಾಗಿ ಪಿ-ಚಾನೆಲ್ ಟ್ರಾನ್ಸಿಸ್ಟರುಗಳನ್ನೇ ನೆಚ್ಚಿಕೊಂಡಿತ್ತು. ಆಕ್ಸೈಡಿನಲ್ಲಿ ಬೇಡದ ಧನ ವಿದ್ಯುದಂಶ ಇದ್ದರೆ ಎನ್-ಚಾನೆಲ್ ತಾನಾಗಿ ತೆರೆದುಕೊಳ್ಳುತ್ತದೆ, ಪಿ-ಚಾನೆಲ್ ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ. 1971ರ ಇಂಟೆಲ್ 4004 ಪಿ-ಚಾನೆಲ್ ಚಿಪ್. 1974ರ 8080 ಎನ್-ಚಾನೆಲ್. ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳು ಹೋಲ್‌ಗಳಿಗಿಂತ ಎರಡು-ಮೂರು ಪಟ್ಟು ಚುರುಕಾಗಿ ಚಲಿಸುತ್ತವೆ ಎಂಬುದು ಮೊದಲೇ ಗೊತ್ತಿದ್ದರೂ ಅದರ ಲಾಭ ಪಡೆಯಲು ಅಷ್ಟು ಕಾಯಬೇಕಾಯಿತು.

ಕೊನೆಯ ಭಾಗಕ್ಕೆ ಬಂದಿದ್ದೇನೆ. ನಮ್ಮ ಚುಕ್ಕೆಯನ್ನು ಕಿರಿದಾಗಿಸಿ, ಪಕ್ಕದಲ್ಲಿ ಸೋರ್ಸ್ ಮತ್ತು ಡ್ರೈನ್ ಇಡೋಣ. ಚಾನೆಲಿನ ಅಗಲ ಉದ್ದದ ಹತ್ತು ಪಟ್ಟು. ಥ್ರೆಶೋಲ್ಡ್ 0.7 ವೋಲ್ಟ್. ಗೇಟಿಗೆ 2.7 ವೋಲ್ಟ್ ಕೊಟ್ಟಿದ್ದೇವೆ, ಅಂದರೆ ಥ್ರೆಶೋಲ್ಡಿಗಿಂತ 2 ವೋಲ್ಟ್ ಮೇಲೆ.

ಡ್ರೈನಿಗೆ ಕೇವಲ 0.1 ವೋಲ್ಟ್ ಕೊಟ್ಟರೆ ಚಾನೆಲಿನ ಉದ್ದಕ್ಕೂ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತವೆ. ಸುಮಾರು 0.17 ಮಿಲಿಆಂಪಿಯರ್ ಹರಿಯುತ್ತದೆ. ಡ್ರೈನ್ ವೋಲ್ಟೇಜ್ ಇಮ್ಮಡಿಯಾದರೆ ಪ್ರವಾಹವೂ ಹತ್ತಿರ ಹತ್ತಿರ ಇಮ್ಮಡಿ. ಇದು ಟ್ರಯೋಡ್ ವಲಯ. ಟ್ರಾನ್ಸಿಸ್ಟರು ಇಲ್ಲಿ ಗೇಟಿನಿಂದ ಬದಲಾಯಿಸಬಹುದಾದ ಒಂದು ರೋಧಕ, ನಮ್ಮಲ್ಲಿ ಸುಮಾರು 600 ಓಮ್. ಡ್ರೈನನ್ನು 1 ವೋಲ್ಟಿಗೆ ಏರಿಸಿದರೆ ಹತ್ತು ಪಟ್ಟು ಬರಬೇಕಿತ್ತು, ಬರುವುದು 1.3 ಮಿಲಿಆಂಪಿಯರ್ ಮಾತ್ರ. ಡ್ರೈನಿನ ತುದಿಯಲ್ಲಿ ಗೇಟಿಗೂ ಚಾನೆಲಿಗೂ ನಡುವಿನ ವೋಲ್ಟೇಜ್ ಕಡಿಮೆಯಾಗಿ ಅಲ್ಲಿ ಎಲೆಕ್ಟ್ರಾನುಗಳು ತೆಳುವಾಗಿರುವುದೇ ಇದಕ್ಕೆ ಕಾರಣ.

ಡ್ರೈನ್ 2 ವೋಲ್ಟಿಗೆ ಬಂದಾಗ ಆ ತುದಿಯಲ್ಲಿ ಉಳಿಯುವುದು ಸರಿಯಾಗಿ ಥ್ರೆಶೋಲ್ಡಿನಷ್ಟೇ ವೋಲ್ಟೇಜ್. ಇನ್ವರ್ಷನ್ ಪದರ ಅಲ್ಲಿ ಮುಗಿಯುತ್ತದೆ. ಇದು ಪಿಂಚ್-ಆಫ್, ಪ್ರವಾಹ 1.73 ಮಿಲಿಆಂಪಿಯರ್. ಚಾನೆಲ್ ಮುಗಿದ ಮೇಲೆ ಪ್ರವಾಹ ನಿಲ್ಲಬೇಕಲ್ಲವೇ ಎಂದು ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾರೆ. ಜೋಗದಲ್ಲಿ ಶರಾವತಿ ಧುಮುಕುವ ಅಂಚನ್ನು ನೆನಪಿಸಿಕೊಳ್ಳಿ. ಸೆಕೆಂಡಿಗೆ ಎಷ್ಟು ನೀರು ಬೀಳುತ್ತದೆ ಎಂಬುದು ಅಂಚಿನವರೆಗೆ ಎಷ್ಟು ನೀರು ಬಂತು ಎಂಬುದನ್ನು ಅವಲಂಬಿಸಿದೆ, ಕಮರಿ ಎಷ್ಟು ಆಳ ಎಂಬುದನ್ನಲ್ಲ. ಪಿಂಚ್-ಆಫ್ ಬಿಂದುವಿಗೆ ಬಂದ ಎಲೆಕ್ಟ್ರಾನುಗಳನ್ನು ಡ್ರೈನಿನ ತೀವ್ರ ಕ್ಷೇತ್ರ ಆಚೆಗೆ ಎಳೆದುಕೊಳ್ಳುತ್ತದೆ. ಡ್ರೈನನ್ನು 3 ವೋಲ್ಟ್, 5 ವೋಲ್ಟ್ ಮಾಡಿದರೂ ಪ್ರವಾಹ ಅಲ್ಲೇ ನಿಲ್ಲುತ್ತದೆ. ಇದು ಸ್ಯಾಚುರೇಷನ್ ವಲಯ. ಪಿಂಚ್-ಆಫ್ ಬಿಂದು ಸೋರ್ಸಿನ ಕಡೆಗೆ ತುಸು ಸರಿದು ಚಾನೆಲ್ ಮೋಟಾಗುವುದರಿಂದ ಪ್ರವಾಹ ಸ್ವಲ್ಪ ಏರುವುದುಂಟು, ಗಿಡ್ಡ ಚಾನೆಲುಗಳಲ್ಲಿ ಆ ಏರಿಕೆ ಎದ್ದು ಕಾಣುತ್ತದೆ.

ಉಳಿದದ್ದು ಕಟ್-ಆಫ್. ಗೇಟ್ ವೋಲ್ಟೇಜ್ ಥ್ರೆಶೋಲ್ಡಿಗಿಂತ ಕೆಳಗಿದ್ದರೆ ಪ್ರವಾಹ ಸೊನ್ನೆ ಎಂದು ಪುಸ್ತಕ ಹೇಳುತ್ತದೆ. ನಿಜದಲ್ಲಿ ಅದು ಸೊನ್ನೆಯಲ್ಲ. ನಮ್ಮ ಟ್ರಾನ್ಸಿಸ್ಟರಿನಲ್ಲಿ ಗೇಟು ಪ್ರತಿ 71 ಮಿಲಿವೋಲ್ಟ್ ಇಳಿದಾಗ ಪ್ರವಾಹ ಹತ್ತರಲ್ಲೊಂದಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಎಷ್ಟೇ ಒಳ್ಳೆಯ ಮಾಸ್‌ಫೆಟ್ ಆದರೂ ಇದನ್ನು 60 ಮಿಲಿವೋಲ್ಟಿಗಿಂತ ಕೆಳಗೆ ತರಲಾಗದು. ಥ್ರೆಶೋಲ್ಡಿನ ಹತ್ತಿರ 1 ಮೈಕ್ರೋಆಂಪಿಯರ್ ಹರಿಯುತ್ತದೆ ಎಂದಿಟ್ಟುಕೊಳ್ಳೋಣ. ಥ್ರೆಶೋಲ್ಡ್ 0.7 ಇದ್ದರೆ ಗೇಟು ಸೊನ್ನೆಗೆ ಬರುವಷ್ಟರಲ್ಲಿ ಪ್ರವಾಹ ಸುಮಾರು ಹತ್ತು ಬಾರಿ ಹತ್ತರಿಂದ ಭಾಗಿಸಿಕೊಂಡು ಲೆಕ್ಕಕ್ಕಿಲ್ಲದಂತಾಗುತ್ತದೆ. ಥ್ರೆಶೋಲ್ಡ್ 0.08 ಆಗಿದ್ದರೆ ಒಂದೇ ಒಂದು ಬಾರಿ. ಮುಚ್ಚಿದ ಟ್ರಾನ್ಸಿಸ್ಟರಿನಲ್ಲೂ 75 ನ್ಯಾನೋಆಂಪಿಯರ್ ಸೋರುತ್ತಿರುತ್ತದೆ. ಅಂಥ ಹತ್ತು ಲಕ್ಷ ಟ್ರಾನ್ಸಿಸ್ಟರುಗಳಿರುವ ಚಿಪ್ ಸುಮ್ಮನೆ ಕುಳಿತೇ 75 ಮಿಲಿಆಂಪಿಯರ್ ಕುಡಿಯುತ್ತದೆ. 0.62 ವೋಲ್ಟಿಗಾಗಿ ಬೋರಾನ್ ನೆಡುವ ಶ್ರಮ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಇದು ಕೋಣೆಯ ಉಷ್ಣತೆಯ ಲೆಕ್ಕ. ಚಿಪ್ 85 ಡಿಗ್ರಿಗೆ ಬಿಸಿಯಾದಾಗ, ಡಿಗ್ರಿಗೆ ಒಂದು ಮಿಲಿವೋಲ್ಟಿಗಿಂತ ತುಸು ಹೆಚ್ಚಿನಂತೆ ಥ್ರೆಶೋಲ್ಡ್ ಇಳಿದು 0.63ಕ್ಕೆ ಬರುತ್ತದೆ. ಪ್ರವಾಹವನ್ನು ಹತ್ತರಲ್ಲೊಂದಾಗಿಸಲು ಬೇಕಾದ 71 ಮಿಲಿವೋಲ್ಟ್ 85ಕ್ಕೆ ಏರುತ್ತದೆ. ಹತ್ತು ಬಾರಿಯ ಭಾಗಾಕಾರ ಏಳೂವರೆಗೆ ಕುಗ್ಗುತ್ತದೆ. ಬಿಸಿ ಆಕ್ಸೈಡ್ ಮತ್ತು ಧನ ಗೇಟು ಎರಡೂ ಒಟ್ಟಿಗೆ ಇರುವುದು ನಾವು ಸೋಡಿಯಂ ಪತ್ತೆಗೆ ಬಳಸಿದ ಪರೀಕ್ಷೆಯ ಸನ್ನಿವೇಶವೇ. ಉಷ್ಣತೆ ಕಡಿಮೆ, ಆದರೆ ಅವಧಿ ನಿಮಿಷಗಳಲ್ಲ, ವರ್ಷಗಳು. ಚದರ ಸೆಂಟಿಮೀಟರಿಗೆ 10¹¹ ಅಯಾನುಗಳು ಉಳಿದುಕೊಂಡಿದ್ದರೂ ಥ್ರೆಶೋಲ್ಡ್ ಇನ್ನೊಂದು 0.09 ವೋಲ್ಟ್ ಇಳಿದು, ಸೋರಿಕೆ ಮತ್ತೆ ಹತ್ತು ಪಟ್ಟಿಗೂ ಮಿಕ್ಕಿ ಏರುತ್ತದೆ. ಆದ್ದರಿಂದಲೇ ಕುಲುಮೆಯನ್ನು ತೊಳೆದು ಮತ್ತೆ ಹಚ್ಚಿದಾಗ, ಅದರೊಳಗೆ ಟ್ರಾನ್ಸಿಸ್ಟರಿನ ವೇಫರುಗಳನ್ನು ಕಳುಹಿಸುವ ಮುನ್ನ ಒಂದು ಪರೀಕ್ಷಾ ವೇಫರಿನ ಮೇಲೆ ಮಾಸ್ ಕೆಪಾಸಿಟರ್ ಚುಕ್ಕೆಗಳನ್ನು ಮಾಡಿ, ಕಾಯಿಸಿ, ರೇಖೆ ಸರಿಯಲಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ.